ತಿಂಗಳಿಗೊಂದು ಕರೆ: ಮುಂಚೆ ಒಂದು ಪುಟ, ಆಮೇಲೆ ಆರು ಸಾಲು

ತಿಂಗಳಿಗೊಮ್ಮೆ 45 ನಿಮಿಷ ಮಾತಾಡಿದರೆ ವರ್ಷಕ್ಕೆ ಆಗುವುದು ಒಂಬತ್ತೇ ಗಂಟೆ. ಸಣ್ಣ ಉದ್ಯಮ ನಡೆಸುವವರಿಗೆ ಇನ್‌ಕ್ಯುಬೇಟರ್ ಮೂಲಕವೋ, ವಾಣಿಜ್ಯ ಸಂಘದ ಮೂಲಕವೋ, ಪರಿಚಯಸ್ಥರ ಮೂಲಕವೋ ಅನುಭವಿ ಮೆಂಟರ್ ಒಬ್ಬರು ಸಿಕ್ಕಾಗ ಸಾಮಾನ್ಯವಾಗಿ ಆಗುವ ಏರ್ಪಾಡು ಇಷ್ಟು. ಈ ಒಂಬತ್ತು ಗಂಟೆಯಲ್ಲೂ ಒಂದು ಪಾಲು ಪ್ರತಿ ಕರೆಯ ಶುರುವಿನಲ್ಲೇ ಸೋರಿಹೋಗುತ್ತದೆ. "ಹೇಗಿದೆ ವ್ಯಾಪಾರ?", "ಪರವಾಗಿಲ್ಲ ಸರ್, ನಡೀತಿದೆ" ಎಂದು ಆರಂಭವಾಗಿ, ಹೋದ ಸಲ ಯಾವ ವಿಷಯಕ್ಕೆ ನಿಲ್ಲಿಸಿದ್ದೆವು ಎಂದು ಇಬ್ಬರೂ ತಡಕಾಡಿ, ಹಳೆಯ ಕಥೆಯನ್ನೇ ಮತ್ತೊಮ್ಮೆ ಹೇಳಿ ಮುಗಿಸುವ ಹೊತ್ತಿಗೆ ಕಾಲು ಗಂಟೆ ಆಗಿರುತ್ತದೆ. ಉದ್ಯಮಿಗೆ ತನ್ನ ಅಂಗಡಿಯ ಚಿಂತೆ ಹಗಲೂ ರಾತ್ರಿ ತಲೆಯಲ್ಲಿರುವುದರಿಂದ ಮೆಂಟರಿಗೂ ಎಲ್ಲ ನೆನಪಿದೆ ಎಂದೇ ಅನಿಸುತ್ತದೆ. ಅವರಿಗಾದರೋ ನಡುವೆ ಮೂವತ್ತು ದಿನ ಬೇರೆ ಕೆಲಸ, ಬೇರೆ ಜನ, ಬಹುಶಃ ಇನ್ನೂ ಇಬ್ಬರು ಮೂವರು ಉದ್ಯಮಿಗಳ ಕಷ್ಟಸುಖ. ಮೆಂಟರ್ ಎಷ್ಟು ಬುದ್ಧಿವಂತರು ಎಂಬುದರಷ್ಟೇ ಈ ಮೂವತ್ತು ದಿನದ ಕಂದಕವನ್ನು ಯಾವುದು ದಾಟಿ ಬರುತ್ತದೆ ಎಂಬುದೂ ಮುಖ್ಯ. ಕರೆಗೆ ಮುಂಚಿನ ಅಜೆಂಡಾ ಮತ್ತು ಕರೆಯ ನಂತರದ ಟಿಪ್ಪಣಿ ಇರುವುದು ಈ ಒಂದು ಕೆಲಸಕ್ಕೆ. ಹಾಗೆ ನೋಡಿದಾಗ ಅವುಗಳಲ್ಲಿ ಏನು ಬರೆಯಬೇಕು, ಏನು ಬಿಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಒಂದು ಊಹೆಯ ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಕಡೆ ಖಡಕ್ ಜೋಳದ ರೊಟ್ಟಿಯ ಘಟಕವೊಂದನ್ನು ಮಹಿಳೆಯೊಬ್ಬರು ನಡೆಸುತ್ತಿದ್ದಾರೆ. ಹತ್ತು ರೊಟ್ಟಿಯ ಒಂದು ಪ್ಯಾಕೆಟ್ ಮಾಡಲು ಹಿಟ್ಟು, ಕೂಲಿ, ಪ್ಯಾಕಿಂಗ್, ಸಾಗಣೆ ಸೇರಿ 48 ರೂಪಾಯಿ ಬೀಳುತ್ತದೆ. ಅಂಗಡಿಗೆ ಕೊಡುವುದು 70ಕ್ಕೆ. ಊರಿನ ಅಂಗಡಿಗಳು ಕೈಯಲ್ಲೇ ದುಡ್ಡು ಕೊಡುತ್ತವೆ. ಈಗ ಬೆಂಗಳೂರಿನ ಸೂಪರ್‌ಮಾರ್ಕೆಟ್ ಚೈನ್ ಒಂದು ವಾರಕ್ಕೆ 500 ಪ್ಯಾಕೆಟ್ ಬೇಕು ಎಂದಿದೆ, ಆದರೆ ಹಣ 60 ದಿನಕ್ಕೆ, ಮುರಿದ ಮಾಲು ವಾಪಸ್. ಇವರ ಮೆಂಟರ್ ದಿನಬಳಕೆ ಸಾಮಾನಿನ ಕಂಪನಿಯ ಮಾರಾಟ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತರಾದವರು. ಸಿದ್ಧತೆ ಇಲ್ಲದೆ ಕರೆ ಮಾಡಿದರೆ ಆಗುವ ಮಾತು ಹೆಚ್ಚುಕಡಿಮೆ ಗೊತ್ತಿರುವಂಥದ್ದೇ. "ಸರ್, ದೊಡ್ಡ ಆರ್ಡರ್ ಬಂದಿದೆ, ತಗೊಳ್ಳಲಾ?" ಎಂದು ಕೇಳುತ್ತಾರೆ. ಅವರು "ಒಳ್ಳೇ ಅವಕಾಶ, ಆದ್ರೆ ಕ್ಯಾಶ್ ಫ್ಲೋ ನೋಡ್ಕೊಳ್ಳಿ" ಎನ್ನುತ್ತಾರೆ. ಸಲಹೆ ತಪ್ಪಲ್ಲ, ಆದರೆ ಅದನ್ನು ಹೇಳಲು ಅಷ್ಟು ವರ್ಷಗಳ ಅನುಭವ ಬೇಕಿರಲಿಲ್ಲ. ಪ್ರಶ್ನೆ ಎಷ್ಟು ದಪ್ಪವಾಗಿರುತ್ತದೋ ಉತ್ತರವೂ ಅಷ್ಟೇ ದಪ್ಪ.

ಅಜೆಂಡಾ ಎಂದ ಕೂಡಲೇ ಹಲವರು "1. ಮಾರ್ಕೆಟಿಂಗ್, 2. ಹಣಕಾಸು, 3. ಸಿಬ್ಬಂದಿ" ಎಂದು ಪಟ್ಟಿ ಕಳಿಸುತ್ತಾರೆ. ಇದು ವಿಷಯಗಳ ಹೆಸರು ಮಾತ್ರ. ಇದನ್ನು ಓದಿದ ಮೆಂಟರ್ ಮುಂಚೆಯೇ ಯೋಚಿಸಿಟ್ಟುಕೊಳ್ಳಲು ಇದರಲ್ಲಿ ಏನೂ ಇಲ್ಲ. ಕೆಲಸಕ್ಕೆ ಬರುವ ಅಜೆಂಡಾದಲ್ಲಿ ನಡುವೆ ಇರುವುದು ಒಂದೇ ಒಂದು ತೀರ್ಮಾನ: ಈ ತಿಂಗಳು ನಾನು ಹೌದು ಎನ್ನಬೇಕೋ ಬೇಡ ಎನ್ನಬೇಕೋ ಎಂದು ಕೂತಿರುವ ಸಂಗತಿ. ಅದರ ಸುತ್ತ ಅದಕ್ಕೆ ಬೇಕಾದಷ್ಟೇ ಅಂಕಿ, ನಾನು ಈಗಾಗಲೇ ತೂಗಿ ನೋಡಿದ ದಾರಿಗಳು, ಸದ್ಯಕ್ಕೆ ನನಗೆ ಸರಿ ಕಾಣುತ್ತಿರುವುದು, ಮತ್ತು ಅವರಿಂದ ಎಂಥ ಸಹಾಯ ಬೇಕು ಎಂಬುದು. ಕೊನೆಯದನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ನನ್ನ ಲೆಕ್ಕ ಪರೀಕ್ಷಿಸಿ ಎನ್ನುವುದು ಬೇರೆ, ಯಾರನ್ನಾದರೂ ಪರಿಚಯಿಸಿ ಎನ್ನುವುದು ಬೇರೆ, ಸುಮ್ಮನೆ ಕೇಳಿಸಿಕೊಳ್ಳಿ ಸಾಕು ಎನ್ನುವುದು ಇನ್ನೂ ಬೇರೆ. ಕ್ಯಾಥಿ ಕ್ರಾಮ್ 1985ರಲ್ಲಿ ಬರೆದ ಪುಸ್ತಕ ಮೆಂಟರ್ ಸಂಬಂಧಗಳ ಅಧ್ಯಯನಕ್ಕೆ ಬುನಾದಿ ಹಾಕಿತು. ಮೆಂಟರ್ ಮಾಡುವ ಕೆಲಸವನ್ನು ಅವರು ಎರಡಾಗಿ ನೋಡಿದರು. ಒಂದು ವೃತ್ತಿಯಲ್ಲಿ ಮುಂದಕ್ಕೆ ತಳ್ಳುವುದು, ಇನ್ನೊಂದು ಮನಸ್ಸಿಗೆ ಒತ್ತಾಸೆಯಾಗುವುದು. ಒಂದೇ ಕರೆಯಲ್ಲಿ ಎರಡೂ ಬೇಕಾಗಬಹುದು, ಆದರೆ ಯಾವುದು ಬೇಕು ಎಂದು ಹೇಳದಿದ್ದರೆ ಒತ್ತಾಸೆ ಬೇಕಾದವರಿಗೆ ಪಾಠ ಸಿಗುತ್ತದೆ, ಲೆಕ್ಕ ಬೇಕಾದವರಿಗೆ ಸಮಾಧಾನ ಸಿಗುತ್ತದೆ.

ರೊಟ್ಟಿ ಘಟಕದ ಲೆಕ್ಕ ಮಾಡಿ ನೋಡೋಣ. ವಾರಕ್ಕೊಂದು ಡೆಲಿವರಿ, ಪ್ರತಿ ಬಿಲ್ಲಿಗೂ 60 ದಿನದ ಉದ್ದರಿ. ಮೊದಲ ಬಿಲ್ಲಿನ ಹಣ ಕೈಗೆ ಬರುವ ಮುಂಚೆ ಒಂಬತ್ತು ಡೆಲಿವರಿ ಹೋಗಿರುತ್ತವೆ. ಒಂಬತ್ತು ಸಲ 500 ಪ್ಯಾಕೆಟ್, ಒಂದಕ್ಕೆ 48 ರೂಪಾಯಿಯಂತೆ 2,16,000 ರೂಪಾಯಿ ಕೈಯಿಂದ ಹೋಗಿರಬೇಕು. ದಿನದ ವ್ಯವಹಾರಕ್ಕೆ ಇವರ ಬಳಿ ಇರುವುದು 1,10,000. ಇಷ್ಟು ಲೆಕ್ಕವನ್ನು ಕರೆಗೆ ಮುಂಚೆ ಕೂತು ಮಾಡಿದರೆ "ತಗೊಳ್ಳಲಾ?" ಎಂಬ ಪ್ರಶ್ನೆ ಬದಲಾಗಿಬಿಡುತ್ತದೆ. ಈ ಷರತ್ತಿಗೆ ಒಪ್ಪಲು ಸಾಧ್ಯವಿಲ್ಲ ಎಂಬುದು ಕಾಗದದ ಮೇಲೇ ಕಾಣುತ್ತದೆ. ಉಳಿಯುವ ಪ್ರಶ್ನೆ, ಯಾವ ಷರತ್ತಿಗೆ ಒಪ್ಪಬಹುದು ಮತ್ತು ಚೈನ್‌ನವರ ಎದುರು ಅದನ್ನು ಹೇಗೆ ಕೇಳಬೇಕು ಎಂಬುದು. ಮಾರಾಟ ವಿಭಾಗದಲ್ಲಿ ಬೆಳೆದವರಿಗೆ ಮಾತ್ರ ಗೊತ್ತಿರುವ ವಿಷಯ ಇದು. ಆದ್ದರಿಂದ ಎರಡು ಮೂರು ದಿನ ಮುಂಚೆ ಆಕೆ ಕಳಿಸುವ ಸಂದೇಶ ಹೀಗಿರಬಹುದು:

"ಸರ್, ಶನಿವಾರದ ಕರೆಗೆ. ಹೋದ ಸಲ ಹೇಳಿದ್ದರಲ್ಲಿ ಬೆಲೆಪಟ್ಟಿ ಮುಗಿಯಿತು, ಎರಡನೇ ಜೋಳದ ವ್ಯಾಪಾರಿಯನ್ನು ಹುಡುಕುವುದು ಆಗಿಲ್ಲ. ಈ ಸಲದ ಮುಖ್ಯ ಪ್ರಶ್ನೆ: ಚೈನ್‌ನವರು ವಾರಕ್ಕೆ 500 ಪ್ಯಾಕೆಟ್, 60 ದಿನ ಕೇಳುತ್ತಿದ್ದಾರೆ. ಲೆಕ್ಕ ಹಾಕಿದೆ, 2.16 ಲಕ್ಷ ಬೇಕು, ಇರುವುದು 1.10. ಸಾಲ ತೆಗೆಯುವುದು, ಬೇಡ ಎನ್ನುವುದು, ಕಡಿಮೆ ಮಾಲಿಗೆ ಕಡಿಮೆ ದಿನ ಕೇಳುವುದು, ಈ ಮೂರು ದಾರಿ ಕಾಣುತ್ತಿವೆ. ನನಗೆ ಮೂರನೆಯದು ಸರಿ ಅನಿಸಿದೆ. ನನ್ನ ಲೆಕ್ಕದಲ್ಲಿ ಏನು ತಪ್ಪಿದೆ, ಖರೀದಿ ವಿಭಾಗದವರ ಹತ್ತಿರ ಈ ಮಾತು ಹೇಗೆ ಎತ್ತಬೇಕು, ಇವೆರಡು ನಿಮ್ಮಿಂದ ಬೇಕು. ಸಮಯ ಉಳಿದರೆ ಮುರಿದ ರೊಟ್ಟಿಯ ವಿಷಯ."

ಇದು ಓದಲು ಒಂದು ನಿಮಿಷ ಸಾಕು, ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬಹುದು. ಆಗದೇ ಇದ್ದದ್ದನ್ನು ಒಂದೇ ವಾಕ್ಯದಲ್ಲಿ, ನೆಪ ಹೇಳದೆ ತಿಳಿಸಿದ್ದಾರೆ ಎಂಬುದನ್ನು ಗಮನಿಸಿ. ತನ್ನ ಒಲವನ್ನು ಮೊದಲೇ ಹೇಳಿದರೆ ಮೆಂಟರ್ ಅದಕ್ಕೇ ತಲೆಯಾಡಿಸಿಬಿಡುವ ಅಪಾಯ ಉಂಟು, ನಿಜ. ಅದಕ್ಕಾಗಿಯೇ "ಸರಿ ಅಲ್ವಾ ಸರ್?" ಎಂದು ಕೇಳದೆ "ಏನು ತಪ್ಪಿದೆ?" ಎಂದು ಕೇಳುವುದು. ಮೊದಲನೆಯದು ಒಪ್ಪಿಗೆಯನ್ನು ಬೇಡುತ್ತದೆ, ಎರಡನೆಯದು ಹುಡುಕುವ ಕೆಲಸ ಕೊಡುತ್ತದೆ. ಒಲವನ್ನು ಹೇಳದೇ ಇರುವುದಕ್ಕಿಂತ ಇದು ವಾಸಿ, ಏಕೆಂದರೆ ನಾವು ಎಲ್ಲಿ ಎಡವುತ್ತಿದ್ದೇವೆ ಎಂದು ಅವರಿಗೆ ಕಾಣುವುದು ನಮ್ಮ ಯೋಚನೆ ಕಂಡಾಗ ಮಾತ್ರ.

ಇಷ್ಟೆಲ್ಲ ಸಣ್ಣಪುಟ್ಟದ್ದು ಕೇಳಿದರೆ ದಡ್ಡಿ ಎಂದುಕೊಂಡಾರು ಎಂಬ ಅಳುಕು ಹಲವರಿಗಿದೆ. ಬ್ರೂಕ್ಸ್, ಜಿನೊ ಮತ್ತು ಶ್ವೈಟ್ಜರ್ ಎಂಬ ಮೂವರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉಲ್ಟಾ ಹೇಳುತ್ತವೆ: ಸಲಹೆ ಕೇಳುವವರನ್ನು ಜನ ಹೆಚ್ಚು ಸಮರ್ಥರೆಂದೇ ಎಣಿಸಿದರು. ಆದರೆ ಅದಕ್ಕೆ ಷರತ್ತುಗಳಿದ್ದವು. ಕೆಲಸ ನಿಜಕ್ಕೂ ಕಠಿಣವಾಗಿರಬೇಕು, ಕೇಳಿದ್ದು ಆ ವಿಷಯ ಬಲ್ಲವರನ್ನಾಗಿರಬೇಕು. ಸುಲಭದ ವಿಷಯಕ್ಕೆ ಸಲಹೆ ಕೇಳಿದಾಗ ಆ ಲಾಭ ಕಾಣಲಿಲ್ಲ. ನಮ್ಮ ಉದಾಹರಣೆಗೆ ಹೇಳುವುದಾದರೆ, ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ ಸಬ್ಸಿಡಿ ಅರ್ಜಿ ತುಂಬುವುದು ಹೇಗೆ ಎಂದು ಮೆಂಟರನ್ನು ಕೇಳುವುದು ವ್ಯರ್ಥ. ಅದಕ್ಕೆಂದೇ ಆ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಬೇರೆಡೆ ಉತ್ತರ ಸಿಗುವ ಪ್ರಶ್ನೆಗಳನ್ನು ಅಜೆಂಡಾ ಬರೆಯುವಾಗಲೇ ಹೊಡೆದುಹಾಕಿದರೆ ಉಳಿಯುವುದು ಮೆಂಟರಿಗೇ ಮೀಸಲಾದದ್ದು.

ಕರೆ ನಡೆಯುವಾಗ ಮಾಡಬೇಕಾದ್ದು ಹೆಚ್ಚೇನಿಲ್ಲ. ಮೊದಲ ಐದು ನಿಮಿಷ ಹಳೆಯದಕ್ಕೆ, ಅರ್ಧ ಗಂಟೆ ಮುಖ್ಯ ಪ್ರಶ್ನೆಗೆ, ಕೊನೆಯ ಐದು ನಿಮಿಷ ತಾನು ಅರ್ಥ ಮಾಡಿಕೊಂಡಿದ್ದನ್ನು ಜೋರಾಗಿ ಹೇಳಿ ತೋರಿಸುವುದಕ್ಕೆ, ಉಳಿದದ್ದು ತಾನಾಗಿ ಬಂದ ಮಾತಿಗೆ. ಬರೆದುಕೊಳ್ಳುವಾಗ ಒಂದು ಎಚ್ಚರ ಇರಲಿ. ಮೆಂಟರ್ ಬಾಯಿಂದ ಬರುವುದೆಲ್ಲ ಒಂದೇ ಜಾತಿಯದಲ್ಲ. "ನೀವು ಉದ್ಯಮ್ ನೋಂದಣಿ ಮಾಡಿಸಿದ್ದೀರಲ್ಲ, ಕಾನೂನು ಪ್ರಕಾರ ಅವರು 45 ದಿನದ ಮೇಲೆ ಹಣ ಇಟ್ಕೊಳ್ಳೋ ಹಾಗಿಲ್ಲ" ಎಂದರೆ ಅದು ಪರಿಶೀಲಿಸಬಹುದಾದ ಸಂಗತಿ. "ಮೊದಲ ಮೂರು ತಿಂಗಳು ಪ್ರಯೋಗ ಅಂತ ಹೇಳಿ, ಆಗ ಅವರು ಬಗ್ಗುತ್ತಾರೆ" ಎಂದರೆ ಅದು ಅನುಭವದ ಅಂದಾಜು. ಮೊದಲನೆಯದನ್ನು ಲೆಕ್ಕಪರಿಶೋಧಕರ ಬಳಿ ಖಚಿತ ಮಾಡಿಕೊಳ್ಳಬೇಕು, ಎರಡನೆಯದನ್ನು ಮಾಡಿಯೇ ನೋಡಬೇಕು. 45 ದಿನದ ಮಾತು ನಿಜವೇ: 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನದೊಳಗೆ ಹಣ ಬರಬೇಕು. ಆದರೆ ಅದೇ ಲೆಕ್ಕ ಮತ್ತೆ ಹಾಕಿ: 45 ದಿನಕ್ಕೆ ಏಳು ಡೆಲಿವರಿ, 500ರಂತೆ 1,68,000. ಕಾನೂನು ಪೂರ್ತಿ ಪಾಲನೆಯಾದರೂ ಇವರ ಕೈಲಿರುವ ಹಣ ಸಾಲದು. ವಾರಕ್ಕೆ 250 ಪ್ಯಾಕೆಟ್ ಮತ್ತು 30 ದಿನ ಎಂದಾದರೆ ಐದು ಡೆಲಿವರಿಗೆ 60,000. 45 ದಿನಕ್ಕೆ ಎಳೆದರೂ 84,000. ಅಂದರೆ ಇಲ್ಲಿ ದಿನಗಳಿಗಾಗಿ ಜಗಳಾಡುವ ಮುಂಚೆ ಪ್ಯಾಕೆಟ್‌ಗಳನ್ನು ಇಳಿಸಬೇಕು. ಈ ತಿರುವು ಕರೆಯಲ್ಲೇ ಸಿಗಬೇಕಾದರೆ ಅಂಕಿಗಳು ಇಬ್ಬರ ಮುಂದೆಯೂ ಇರಬೇಕಿತ್ತು.

ಇನ್ನು ಕರೆಯ ನಂತರದ ಟಿಪ್ಪಣಿ. ನನ್ನ ಪ್ರಕಾರ ಅಜೆಂಡಾಕ್ಕಿಂತ ಹೆಚ್ಚು ಫಲ ಕೊಡುವುದು ಇದೇ, ಮತ್ತು ಅಜೆಂಡಾಕ್ಕಿಂತ ಹೆಚ್ಚು ಕೆಟ್ಟದಾಗಿ ಬರೆಯಲ್ಪಡುವುದೂ ಇದೇ. "ಥ್ಯಾಂಕ್ಯೂ ಸರ್, ತುಂಬಾ ಉಪಯೋಗವಾಯಿತು" ಎಂಬ ಸಂದೇಶ ಸೌಜನ್ಯವಷ್ಟೆ. ಟಿಪ್ಪಣಿಯಲ್ಲಿ ಸಲಹೆಯ ಜೊತೆಗೆ ಸಲಹೆಯ ಕಾರಣ ಇರಬೇಕು. ಇದಕ್ಕೆ ಗಟ್ಟಿ ಆಧಾರವಿದೆ. ಇಲಾನ್ ಯಾನಿವ್ ಮತ್ತು ಎಲಿ ಕ್ಲೈನ್‌ಬರ್ಗರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಐತಿಹಾಸಿಕ ಘಟನೆಗಳ ಇಸವಿ ಊಹಿಸಲು ಹೇಳಿ, ಬೇರೆಯವರ ಊಹೆಯನ್ನು ತೋರಿಸಿ, ಬೇಕಿದ್ದರೆ ನಿಮ್ಮದನ್ನು ತಿದ್ದಿಕೊಳ್ಳಿ ಎಂದರು. ಜನ ಸ್ವಲ್ಪ ತಿದ್ದಿಕೊಂಡರು, ಆದರೆ ತಮ್ಮ ಮೊದಲ ಊಹೆಗೇ ಹೆಚ್ಚು ತೂಕ ಕೊಟ್ಟರು. ಸಂಶೋಧಕರು ಇದಕ್ಕೆ ಕೊಡುವ ವಿವರಣೆ ಸರಳ: ನಮ್ಮ ಅಭಿಪ್ರಾಯಕ್ಕೆ ಇರುವ ಕಾರಣಗಳು ನಮಗೆ ಗೊತ್ತು, ಎದುರಿನವರದು ಅಷ್ಟು ಗೊತ್ತಿಲ್ಲ. ಸಲಹೆ ಕೇಳಿ ಬಂದ ಎರಡನೇ ವಾರದಲ್ಲಿ ಇದೇ ಆಗುತ್ತದೆ. "250 ಪ್ಯಾಕೆಟ್ ಸಾಕು" ಎಂದಷ್ಟೇ ಬರೆದಿದ್ದರೆ, ಚೈನ್‌ನ ಪ್ರತಿನಿಧಿ ಫೋನ್ ಮಾಡಿ ಒತ್ತಾಯಿಸಿದಾಗ ಮನಸ್ಸು ಹಳೆಯ ಆಸೆಗೇ ವಾಲುತ್ತದೆ. "250 ಸಾಕು, ಏಕೆಂದರೆ 45 ದಿನಕ್ಕೆ ಎಳೆದರೂ 84,000 ದಾಟುವುದಿಲ್ಲ, ವಾಪಸ್ ಬರುವ ಮಾಲಿಗೆ 26,000 ಉಳಿಯುತ್ತದೆ" ಎಂದು ಬರೆದಿದ್ದರೆ ಆ ಫೋನಿಗೆ ಕೊಡುವ ಉತ್ತರವೂ ಅದರಲ್ಲೇ ಇರುತ್ತದೆ.

ಕಾರಣದ ನಂತರ ಬೇಕಾದ್ದು ದಿನ ಮತ್ತು ಸಂದರ್ಭ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಗುರಿ ಇಟ್ಟುಕೊಂಡವರಿಗಿಂತ, ಇಂಥ ಸಂದರ್ಭ ಬಂದಾಗ ಇಂಥದ್ದು ಮಾಡುತ್ತೇನೆ ಎಂದು ನಿಶ್ಚಯಿಸಿದವರು ಗಮನಾರ್ಹವಾಗಿ ಹೆಚ್ಚು ಯಶಸ್ವಿಯಾಗಿದ್ದರು. ಆದ್ದರಿಂದ "ಚೈನ್‌ನವರ ಜೊತೆ ಮಾತಾಡುತ್ತೇನೆ" ಎಂಬುದು ಸಾಲದು. "ಮಂಗಳವಾರ ಬೆಳಗಿನ ಮಾಲಿನ ಗಾಡಿ ಹೊರಟ ಕೂಡಲೇ ಖರೀದಿ ವಿಭಾಗಕ್ಕೆ ಫೋನ್ ಮಾಡಿ 250, 30 ದಿನ, ಮೂರು ತಿಂಗಳ ಪ್ರಯೋಗ ಎಂದು ಕೇಳುತ್ತೇನೆ, ಅವರು 45 ದಿನಕ್ಕೆ ಬಂದರೆ ಒಪ್ಪುತ್ತೇನೆ, 60 ಎಂದರೆ ಬೇಡ ಎನ್ನುತ್ತೇನೆ" ಎಂಬುದು ಕೆಲಸದ ವಾಕ್ಯ. ಇದರ ಜೊತೆಗೆ ಮೆಂಟರ್ ತಾವೇ ಒಪ್ಪಿಕೊಂಡದ್ದು ಒಂದು ಸಾಲು: "ರಟ್ಟಿನ ಪೆಟ್ಟಿಗೆ ಮಾಡುವವರ ನಂಬರ್ ಕಳಿಸುತ್ತೇನೆ ಎಂದಿದ್ದೀರಿ." ಒಪ್ಪದ ಸಲಹೆಯೂ ಒಂದು ಸಾಲು: "ಬೆಲೆ 75 ಮಾಡಿ ಎಂದಿರಿ, ಸಂಕ್ರಾಂತಿವರೆಗೆ ಬೇಡ ಎಂದುಕೊಂಡಿದ್ದೇನೆ, ಊರಿನ ಅಂಗಡಿಗಳಿಗೆ ಈಗಷ್ಟೇ ಹೊಸ ಬೆಲೆಪಟ್ಟಿ ಕೊಟ್ಟಿದ್ದೇನೆ." ಎಲ್ಲ ಸೇರಿ ಆರೇಳು ಸಾಲು. ಅದೇ ದಿನ, ತಡವಾದರೆ ಮರುದಿನ ಕಳಿಸಬೇಕು. ಮೂರು ದಿನ ಬಿಟ್ಟು ಬರೆದ ಟಿಪ್ಪಣಿಯಲ್ಲಿ ಅವರು ಹೇಳಿದ್ದು ಯಾವುದು, ನಾವು ಆಮೇಲೆ ಸೇರಿಸಿಕೊಂಡದ್ದು ಯಾವುದು ಎಂದು ನಮಗೇ ತಿಳಿಯದು.

ಹಿರಿಯರಿಗೆ ಹೀಗೆ ಬರಹದಲ್ಲಿ ಕಟ್ಟುಪಾಡು ಹಾಕುವುದು ಉದ್ಧಟತನ ಅಲ್ಲವೇ ಎಂಬ ಆಕ್ಷೇಪ ನಮ್ಮಲ್ಲಿ ಬಲವಾಗಿದೆ. ಅವರು ಹೇಳಬೇಕು, ನಾವು ಕೇಳಬೇಕು ಎಂಬ ಸಂಕೋಚದಲ್ಲಿ ಬೆಳೆದವರು ನಾವು. ಆದರೆ ಅಜೆಂಡಾ ಕಳಿಸುವುದು ಆದೇಶ ಕೊಟ್ಟಂತಲ್ಲ. "ಇದರಲ್ಲಿ ನಿಮಗೆ ಬೇರೆ ಯಾವುದಾದರೂ ಮುಖ್ಯ ಅನಿಸಿದರೆ ಅದನ್ನೇ ಮೊದಲು ಮಾತಾಡೋಣ ಸರ್" ಎಂಬ ಒಂದು ಸಾಲು ಸೇರಿಸಿದರೆ ಹಿಡಿತ ಅವರ ಕೈಗೇ ಹೋಗುತ್ತದೆ. ಒಪ್ಪದ ಸಲಹೆಯನ್ನು ಬರೆಯುವುದೂ ಅಗೌರವವಲ್ಲ. ತಲೆಯಾಡಿಸಿ ಬಂದು ಏನೂ ಮಾಡದೇ ಇರುವುದು, ಮುಂದಿನ ತಿಂಗಳು ಆ ವಿಷಯವನ್ನೇ ತಪ್ಪಿಸಿ ಮಾತಾಡುವುದು, ಇವೇ ಮೆಂಟರಿಗೆ ಹೆಚ್ಚು ಬೇಸರ ತರುವಂಥವು. ಕಾರಣ ಸಮೇತ ಬೇಡ ಎಂದರೆ ಅವರು ಕಾರಣವನ್ನು ತಿದ್ದಬಹುದು ಅಥವಾ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಲ್ಲವನ್ನೂ ಮೊದಲೇ ಗೆರೆ ಎಳೆದು ಇಟ್ಟರೆ, ನಾವು ಕೇಳಲು ತಿಳಿಯದ ಸಂಗತಿಗಳು ಹೊರಬರುವುದು ಹೇಗೆ? ಅನುಭವಿಗಳ ಮಾತಿನ ಸಾರವೆಲ್ಲ ಹರಟೆಯ ನಡುವೆಯೇ ಸಿಗುವುದು ಎಂಬುದರಲ್ಲಿ ಸತ್ಯವಿದೆ. ನಮ್ಮ ಉದಾಹರಣೆಯಲ್ಲೇ, ಮುರಿದ ರೊಟ್ಟಿ ಎಂಬ ಕೊನೆಯ ಸಣ್ಣ ವಿಷಯ ಮುಂದೆ ದೊಡ್ಡದಾಗಬಹುದು: ನೂರರಲ್ಲಿ ಆರು ಪ್ಯಾಕೆಟ್ ವಾಪಸ್ ಬಂದರೆ ವಾರದ 250ರಲ್ಲಿ 15, ಅಂದರೆ 720 ರೂಪಾಯಿಯ ಮಾಲು ಕಸಕ್ಕೆ. ಮೂರು ಪದರದ ಪೆಟ್ಟಿಗೆ ಬಿಟ್ಟು ಐದು ಪದರದ್ದು ಹಾಕಿದರೆ ಉಳಿಯುತ್ತದೆಯೇ ಎಂಬ ಪ್ರಶ್ನೆ ಮಾತಿನ ಓಘದಲ್ಲಿ ಹುಟ್ಟುವಂಥದ್ದು. ಹಾಗಾಗಿ ಅಜೆಂಡಾ ಅಷ್ಟೂ ಸಮಯವನ್ನು ತುಂಬಬಾರದು. ಎರಡು ವಿಷಯ ಮೀರಿದರೆ ಅದು ಅತಿಯಾಯಿತು. ಮನಸ್ಸು ಕುಗ್ಗಿರುವ ತಿಂಗಳಲ್ಲಿ, ಮನೆಯಲ್ಲಿ ಕಾಯಿಲೆಯೋ ಸಾವೋ ಆಗಿರುವಾಗ, ಅಜೆಂಡಾವನ್ನು ಪೂರ್ತಿ ಬಿಟ್ಟು "ಈ ಸಲ ಸುಮ್ಮನೆ ಮಾತಾಡಬೇಕಿದೆ ಸರ್" ಎಂದರೆ ಸಾಕು. ಅದೂ ಯಾವ ಸಹಾಯ ಬೇಕು ಎಂದು ಹೇಳಿದಂತೆಯೇ.

ಇದೆಲ್ಲ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಟಿಪ್ಪಣಿಗಳನ್ನೆಲ್ಲ ಒಂದೇ ಕಡತದಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಆರು ತಿಂಗಳಿಗೊಮ್ಮೆ ಓದಬೇಕು. ಒಂದೇ ಕೆಲಸ ಮೂರು ತಿಂಗಳು "ಆಗಿಲ್ಲ" ಎಂದು ಬಂದಿದ್ದರೆ ಸೋಮಾರಿತನವನ್ನು ದೂರುವ ಮುಂಚೆ ಆ ಕೆಲಸದ ಮೇಲೆ ನಮಗೆ ನಂಬಿಕೆ ಇದೆಯೇ ಎಂದು ನೋಡಬೇಕು. ಎರಡನೇ ಜೋಳದ ವ್ಯಾಪಾರಿಯನ್ನು ಹುಡುಕದೇ ಇರುವುದಕ್ಕೆ, ಈಗಿನ ವ್ಯಾಪಾರಿ ಕಷ್ಟಕಾಲಕ್ಕೆ ಉದ್ದರಿ ಕೊಟ್ಟವರು ಎಂಬ ಋಣವೇ ಕಾರಣವಾಗಿರಬಹುದು. ಆಗ ಚರ್ಚಿಸಬೇಕಾದ್ದು ಆ ಋಣವನ್ನು. "ಯೋಚಿಸುತ್ತೇನೆ", "ಪ್ರಯತ್ನಿಸುತ್ತೇನೆ" ಎಂಬ ಕ್ರಿಯಾಪದಗಳೇ ತುಂಬಿದ್ದರೆ ಪ್ರಶ್ನೆಗಳು ಇನ್ನೂ ದಪ್ಪವಾಗಿವೆ ಎಂದರ್ಥ. ಟಿಪ್ಪಣಿಗೆ ಮೆಂಟರ್ ಒಮ್ಮೆಯೂ ತಿದ್ದುಪಡಿ ಹೇಳದಿದ್ದರೆ ಅವರು ಓದುತ್ತಿಲ್ಲದಿರಬಹುದು. ಆಗ ಕರೆಯ ಕೊನೆಯಲ್ಲಿ ಬಾಯಿಮಾತಿನಲ್ಲೇ ಖಚಿತಪಡಿಸಿಕೊಳ್ಳಬೇಕು, ಬರಹ ನಮ್ಮ ಬಳಕೆಗೆ ಮಾತ್ರ ಎಂದುಕೊಳ್ಳಬೇಕು. ಅವರ ಸಲಹೆಗಳೆಲ್ಲ ನಮಗಿಂತ ಹತ್ತು ಪಟ್ಟು ದೊಡ್ಡ ವ್ಯವಹಾರಕ್ಕೆ ಹೊಂದುವಂತಿದ್ದರೆ, ಅವರ ಅನುಭವ ಆ ಅಳತೆಯಲ್ಲಿ ಬೆಳೆದದ್ದು. ಪ್ರತಿ ಅಜೆಂಡಾದ ಮೇಲ್ಭಾಗದಲ್ಲಿ ಕೈಯಲ್ಲಿರುವ ಹಣ ಮತ್ತು ವಾರದ ಉತ್ಪಾದನೆಯನ್ನು ಬರೆದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ಮೆಂಟರ್ ಸತತ ಎರಡು ಮೂರು ಕರೆ ಮುಂದೂಡಿದರೆ ಇನ್ನೂ ಉದ್ದದ ಅಜೆಂಡಾ ಕಳಿಸಿ ಸೆಳೆಯಲು ಹೋಗಬೇಡಿ. "ತಿಂಗಳಿಗೊಮ್ಮೆ ಕಷ್ಟ ಆಗ್ತಿದ್ರೆ ಮೂರು ತಿಂಗಳಿಗೊಮ್ಮೆ ಇಟ್ಕೊಳ್ಳೋಣ ಸರ್, ನಡುವೆ ತುರ್ತು ಇದ್ರೆ ಒಂದೇ ಪ್ರಶ್ನೆ ಸಂದೇಶದಲ್ಲಿ ಕಳಿಸ್ತೀನಿ" ಎಂದು ಕೇಳಿ. ಒಪ್ಪಿದರೆ ಆ ಒಂದು ಪ್ರಶ್ನೆಯನ್ನೂ ಇದೇ ರೀತಿ ಬರೆಯಿರಿ: ಏನು ತೀರ್ಮಾನ, ಯಾವ ಅಂಕಿ, ನನಗೆ ಏನು ಅನಿಸಿದೆ, ಎಂದಿನೊಳಗೆ ಉತ್ತರ ಬೇಕು.